ಗಾಯ ಎಡಕ್ಕೆ, ನೋವು ಮಾಯವಾದದ್ದು ಬಲಕ್ಕೆ

ಬೆನ್ನಿಗೆ ಚಾಕು ಇಳಿದು ಬೆನ್ನುಹುರಿಯ ಎಡ ಅರ್ಧ ಮಾತ್ರ ಕತ್ತರಿಸಿಹೋದರೆ ಎಡಗಾಲು ಸ್ವಾಧೀನ ತಪ್ಪುತ್ತದೆ. ಮನೆಯವರ ಗಮನವೆಲ್ಲ ಆ ಕಾಲಿನ ಮೇಲೆಯೇ ಇರುತ್ತದೆ. ಬಲಗಾಲು ಮಡಚುತ್ತದೆ, ಚಾಚುತ್ತದೆ, ಹಾಸಿಗೆಯನ್ನು ಒದೆಯುತ್ತದೆ. ಸದ್ಯ, ಅದಾದರೂ ಉಳಿಯಿತಲ್ಲ ಎಂದು ಎಲ್ಲರೂ ಸಮಾಧಾನ ಪಡುತ್ತಾರೆ. ಆದರೆ ಕೆಲವು ವಾರಗಳಾದ ಮೇಲೆ ಬಚ್ಚಲುಮನೆಯಲ್ಲಿ ಕುದಿನೀರು ಬಿದ್ದು ಬೊಬ್ಬೆ ಏಳುವುದು ಚೆನ್ನಾಗಿದೆ ಎಂದುಕೊಂಡಿದ್ದ ಆ ಬಲಗಾಲಿನ ಮೇಲೆ. ರೋಗಿಗೆ ಅದು ಗೊತ್ತಾಗುವುದು ಕಣ್ಣಿಗೆ ಬಿದ್ದಾಗಲೇ. ನೀರು ಬಿದ್ದದ್ದು, ಚರ್ಮ ಒದ್ದೆಯಾದದ್ದು ತಿಳಿದಿತ್ತು. ಸುಟ್ಟದ್ದು ಮಾತ್ರ ತಿಳಿಯಲಿಲ್ಲ.

ಇನ್ನೂ ಒಂದು ವಿಚಿತ್ರವಿದೆ. ಸ್ವಾಧೀನವಿಲ್ಲದ ಎಡಗಾಲಿಗೆ ಗುಂಡುಸೂಜಿ ತಾಗಿಸಿದರೆ ರೋಗಿ ಹಾ ಎನ್ನುತ್ತಾನೆ. ಅಲ್ಲಿ ನೋವು ಉಳಿದಿದೆ. ಆದರೆ ಅದೇ ಎಡಗಾಲಿನ ಹೆಬ್ಬೆರಳನ್ನು ಹಿಡಿದು ಮೇಲಕ್ಕೆತ್ತಿ, ಈಗ ಬೆರಳು ಮೇಲಿದೆಯೋ ಕೆಳಗಿದೆಯೋ ಎಂದು ಕೇಳಿದರೆ ಕಣ್ಣು ಮುಚ್ಚಿದ ಆತನಿಗೆ ಹೇಳಲಾಗುವುದಿಲ್ಲ. ಒಂದು ಕಾಲಿಗೆ ನೋವಿದೆ, ತನ್ನ ಇರವು ಗೊತ್ತಿಲ್ಲ. ಇನ್ನೊಂದಕ್ಕೆ ತನ್ನ ಇರವು ಗೊತ್ತಿದೆ, ನೋವಿಲ್ಲ. ಒಂದೇ ಗಾಯ ಎರಡು ಕಾಲುಗಳಿಂದ ಎರಡು ಬೇರೆ ಬೇರೆ ಅರಿವುಗಳನ್ನು ಕಸಿದುಕೊಳ್ಳುವುದು ಹೇಗೆ ಎಂಬುದು ಅರ್ಥವಾದರೆ ಇದೇ ಲೆಕ್ಕವನ್ನು ಹಿಂದಿನಿಂದಲೂ ಮಾಡಬಹುದು. ರೋಗಿಯ ಮೈಮೇಲೆ ಒಂದು ಸೂಜಿ, ಒಂದು ಟ್ಯೂನಿಂಗ್ ಫೋರ್ಕ್ ಇಟ್ಟುಕೊಂಡು ಹೋಗಿ ಬೆನ್ನುಹುರಿಯ ಯಾವ ಪಕ್ಕ, ಸುಮಾರಾಗಿ ಯಾವ ಮಟ್ಟದಲ್ಲಿ ಕೆಟ್ಟಿದೆ ಎಂದು ಸ್ಕ್ಯಾನಿಗೆ ಮೊದಲೇ ಹೇಳಬಹುದು.

ಈ ಲಕ್ಷಣಗಳ ಗುಂಪಿಗೆ ಬ್ರೌನ್-ಸೆಕಾರ್ ಸಿಂಡ್ರೋಮ್ ಎಂದು ಹೆಸರು. ಚಾರ್ಲ್ಸ್ ಎಡ್ವರ್ಡ್ ಬ್ರೌನ್-ಸೆಕಾರ್ ಹುಟ್ಟಿದ್ದು 1817ರಲ್ಲಿ, ಮಾರಿಷಸ್ಸಿನ ಪೋರ್ಟ್ ಲೂಯಿಯಲ್ಲಿ. ತಂದೆ ಅಮೆರಿಕದ ಹಡಗಿನ ಕಪ್ತಾನ, ಮಗ ಹುಟ್ಟುವ ಮೊದಲೇ ತೀರಿಕೊಂಡವರು. ತಾಯಿ ಫ್ರೆಂಚ್ ಮೂಲದವರು. ಇಬ್ಬರ ಮನೆತನದ ಹೆಸರನ್ನೂ ಆತ ಸೇರಿಸಿ ಇಟ್ಟುಕೊಂಡ. ಪ್ಯಾರಿಸ್ಸಿಗೆ ಹೋಗಿ ವೈದ್ಯಕೀಯ ಓದಿ, 1846ರಲ್ಲಿ ಬೆನ್ನುಹುರಿಯ ಮೇಲೆಯೇ ಪ್ರಬಂಧ ಬರೆದ. ಬೆನ್ನುಹುರಿಯ ಹಿಂಬದಿಯಲ್ಲಿರುವ ಬಿಳಿಯ ಕಂಬಗಳ ಮೂಲಕವೇ ಎಲ್ಲ ಸ್ಪರ್ಶಜ್ಞಾನ ಮೇಲೇರುತ್ತದೆ ಎಂದು ಆಗಿನ ದೊಡ್ಡ ವಿದ್ವಾಂಸರು ಹೇಳುತ್ತಿದ್ದರು. ಬ್ರೌನ್-ಸೆಕಾರ್ ಪ್ರಾಣಿಗಳಲ್ಲಿ ಆ ಕಂಬಗಳನ್ನು ಕತ್ತರಿಸಿ ನೋಡಿದ. ನೋವು ಹೋಗಲಿಲ್ಲ. ಬೆನ್ನುಹುರಿಯ ಅರ್ಧವನ್ನು ಅಡ್ಡಡ್ಡ ಕತ್ತರಿಸಿ ನೋಡಿದ. ಕತ್ತರಿಸಿದ ಪಕ್ಕದ ಕಾಲು ಬಿದ್ದುಹೋಯಿತು, ನೋವಿನ ಅರಿವು ಎದುರು ಪಕ್ಕದ ಕಾಲಿನಲ್ಲಿ ಹೋಯಿತು. ಯಾರೂ ಸುಲಭಕ್ಕೆ ನಂಬಲಿಲ್ಲ. 1855ರಲ್ಲಿ ಪಾಲ್ ಬ್ರೋಕಾ ಮುಂತಾದವರ ಸಮಿತಿ ಪರಿಶೀಲಿಸಿ ಆತ ಕಂಡದ್ದು ನಿಜವೆಂದು ವರದಿ ಕೊಟ್ಟಿತು. ಆ ಪ್ರಾಣಿಗಳು ಪಟ್ಟ ಹಿಂಸೆಯನ್ನು ನೆನೆದರೆ ಇಂದು ಮನಸ್ಸು ಮುದುಡುತ್ತದೆ. ಆದರೆ ಇಂದಿನ ವೈದ್ಯರು ಸೂಜಿ ಹಿಡಿದು ಮಾಡುವ ತರ್ಕ ಶುರುವಾದದ್ದು ಅಲ್ಲಿಂದಲೇ.

ಮೊದಲು ಬೆನ್ನುಹುರಿಯನ್ನು ನೋಡೋಣ. ವಯಸ್ಕರಲ್ಲಿ ಅದು ಸುಮಾರು 45 ಸೆಂಟಿಮೀಟರ್ ಉದ್ದ, ಕಿರುಬೆರಳಿನಷ್ಟು ದಪ್ಪ. ಕತ್ತಿನಿಂದ ಹೊರಟು ಸೊಂಟದ ಮೊದಲನೆಯ ಇಲ್ಲವೆ ಎರಡನೆಯ ಮೂಳೆಯ ಹತ್ತಿರ ಮುಗಿದುಹೋಗುತ್ತದೆ, ಬೆನ್ನುಮೂಳೆಯ ಕೊನೆಯತನಕ ಇಳಿಯುವುದಿಲ್ಲ. ಅದರಿಂದ ಎಡಕ್ಕೂ ಬಲಕ್ಕೂ 31 ಜೊತೆ ನರಗಳು ಹೊರಡುತ್ತವೆ: ಕತ್ತಿನವು 8, ಎದೆಯವು 12, ಸೊಂಟದವು 5, ತ್ರಿಕದವು 5, ಬಾಲಮೂಳೆಯದು 1. ಒಂದೊಂದು ಜೊತೆ ನರ ಹೊರಡುವ ತುಣುಕನ್ನು ಒಂದು ಖಂಡ ಎನ್ನೋಣ. ಪ್ರತಿ ಖಂಡದ ನರವೂ ಚರ್ಮದ ಒಂದು ಪಟ್ಟಿಯ ಸುದ್ದಿ ತರುತ್ತದೆ. ಮೊಲೆತೊಟ್ಟಿನ ಮಟ್ಟದ ಪಟ್ಟಿ ಎದೆಯ 4ನೇ ಖಂಡದ್ದು, ಎದೆಮೂಳೆಯ ಕೆಳತುದಿಯದು 6ನೇ ಖಂಡದ್ದು, ಹೊಕ್ಕುಳಿನದು 10ನೇ ಖಂಡದ್ದು. ತೊಡೆಸಂದಿಗೆ ಬಂದರೆ ಸೊಂಟದ 1ನೇ ಖಂಡ. ಪಾದದ ಹೊರ ಅಂಚು ತ್ರಿಕದ 1ನೇ ಖಂಡ. ಕುಳಿತಾಗ ನೆಲಕ್ಕೆ ತಾಗುವ ಭಾಗ ಅದಕ್ಕೂ ಕೆಳಗಿನ ತ್ರಿಕದ ಖಂಡಗಳದ್ದು. ಎದೆ ಹೊಟ್ಟೆಗಳ ಮೇಲೆ ಈ ಪಟ್ಟಿಗಳು ಸುತ್ತಿಕೊಂಡಂತೆ ಅಡ್ಡಕ್ಕಿರುವುದರಿಂದ ಸೂಜಿ ಎಲ್ಲಿ ಮೊಂಡಾಯಿತು ಎಂಬುದನ್ನು ನೋಡಿ ಖಂಡವನ್ನು ಎಣಿಸಬಹುದು.

ಚರ್ಮದಿಂದ, ಕೀಲುಗಳಿಂದ ಬರುವ ಸುದ್ದಿ ಬೆನ್ನುಹುರಿಗೆ ಹೊಕ್ಕ ಕೂಡಲೇ ಎರಡು ಪಾಲಾಗುತ್ತದೆ.

ಒಂದು ಪಾಲು ನವಿರಾದ ಸ್ಪರ್ಶ, ಕಂಪನ, ಮತ್ತು ಕೈಕಾಲು ಯಾವ ಭಂಗಿಯಲ್ಲಿದೆ ಎಂಬ ಅರಿವು. ಇದನ್ನು ತರುವ ತಂತುಗಳು ದಪ್ಪ. ಮೇಲೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆಯೂ ದಪ್ಪವಾಗಿದೆ. ಸುದ್ದಿ ಇವುಗಳಲ್ಲಿ ಸೆಕೆಂಡಿಗೆ 35ರಿಂದ 75 ಮೀಟರ್ ವೇಗದಲ್ಲಿ ಓಡುತ್ತದೆ. ಇವು ಬೆನ್ನುಹುರಿಗೆ ಹೊಕ್ಕು, ಯಾರಿಗೂ ಕೈ ಬದಲಿಸದೆ, ತಾವು ಬಂದ ಪಕ್ಕದಲ್ಲೇ ಹಿಂಬದಿಯ ಕಂಬವನ್ನು ಹಿಡಿದು ನೇರ ಮೇಲೇರುತ್ತವೆ. ಇಂಗ್ಲಿಷಿನಲ್ಲಿ ಡಾರ್ಸಲ್ ಕಾಲಂ ಎನ್ನುವುದು ಈ ಕಂಬಕ್ಕೆ. ಕಾಲಿನಿಂದ ಬಂದವು ನಡುಗೆರೆಯ ಪಕ್ಕದಲ್ಲೂ ಕೈಯಿಂದ ಬಂದವು ಅದರ ಹೊರಗಡೆಯಲ್ಲೂ ಸಾಗುತ್ತವೆ. ಕಾಲಿನ ಹೆಬ್ಬೆರಳಿನಿಂದ ಹೊರಟ ಒಂದು ಜೀವಕೋಶದ ಒಂದೇ ಎಳೆ ಮಿದುಳಿನ ಬುಡದಲ್ಲಿರುವ ಮೆಡುಲ್ಲಾದವರೆಗೂ ಹೋಗುತ್ತದೆ. ಎತ್ತರದ ಮನುಷ್ಯನಲ್ಲಿ ಅದು ಸುಮಾರು ಒಂದೂವರೆ ಮೀಟರ್. ನಮ್ಮ ಮೈಯಲ್ಲಿ ಇಷ್ಟು ಉದ್ದದ ಜೀವಕೋಶ ಬೇರೆ ಇಲ್ಲ. ಮೆಡುಲ್ಲಾದಲ್ಲಿ ಅದು ಸುದ್ದಿಯನ್ನು ಎರಡನೆಯ ಕೋಶಕ್ಕೆ ಒಪ್ಪಿಸುತ್ತದೆ. ಆ ಎರಡನೆಯ ಕೋಶದ ತಂತು ಅಲ್ಲಿಯೇ ಎದುರು ಪಕ್ಕಕ್ಕೆ ದಾಟಿ ಥಲಾಮಸ್ಸಿಗೆ ಹೋಗುತ್ತದೆ. ಅಲ್ಲಿಂದ ಮೂರನೆಯ ಕೋಶ ಮಿದುಳಿನ ಹೊರಪದರಕ್ಕೆ ಮುಟ್ಟಿಸುತ್ತದೆ.

ಇನ್ನೊಂದು ಪಾಲು ನೋವು, ಬಿಸಿ, ತಂಪು. ಇದರ ತಂತುಗಳು ಸಣ್ಣವು, ನಿಧಾನದವು. ಚುಚ್ಚಿದಂತಹ ಚುರುಕು ನೋವನ್ನು ತರುವವು ಸೆಕೆಂಡಿಗೆ 5ರಿಂದ 30 ಮೀಟರ್ ಓಡುತ್ತವೆ. ಆಮೇಲೆ ಬರುವ ಮಂದವಾದ ಸುಡುನೋವಿನವು 2 ಮೀಟರನ್ನೂ ಮೀರುವುದಿಲ್ಲ. ಕಾಲ್ಬೆರಳು ಹೊಸ್ತಿಲಿಗೆ ಎಡವಿದಾಗ ತಗುಲಿದ್ದು ಮೊದಲು ತಿಳಿದು, ಮರುಕ್ಷಣ ಚುರುಕ್ಕೆಂದು, ಒಂದು ಉಸಿರಿನ ನಂತರ ಜುಮ್ಮೆಂದು ನೋವು ಹಬ್ಬುತ್ತದಲ್ಲ, ಅದು ಈ ವೇಗಗಳ ವ್ಯತ್ಯಾಸ. ಈ ಸಣ್ಣ ತಂತುಗಳು ಬೆನ್ನುಹುರಿಗೆ ಹೊಕ್ಕು ಒಂದೆರಡು ಖಂಡ ಮೇಲೋ ಕೆಳಗೋ ಸರಿದು, ಬೂದುಬಣ್ಣದ ಒಳಭಾಗದಲ್ಲಿ ಅಲ್ಲಿಯೇ ಎರಡನೆಯ ಕೋಶಕ್ಕೆ ಸುದ್ದಿ ಒಪ್ಪಿಸಿಬಿಡುತ್ತವೆ. ಆ ಎರಡನೆಯ ಕೋಶದ ತಂತು ಬೆನ್ನುಹುರಿಯ ನಡುವಿನ ಕಾಲುವೆಯ ಮುಂದುಗಡೆಯಿಂದ ಓರೆಯಾಗಿ ಏರುತ್ತಾ ಎದುರು ಪಕ್ಕಕ್ಕೆ ದಾಟುತ್ತದೆ. ದಾಟುವುದು ಮುಗಿಯುವ ಹೊತ್ತಿಗೆ ಒಂದೆರಡು ಖಂಡ ಮೇಲೆ ಬಂದಿರುತ್ತದೆ. ಅಲ್ಲಿಂದ ಬೆನ್ನುಹುರಿಯ ಮುಂದಿನ-ಹೊರಗಿನ ಮೂಲೆಯಲ್ಲಿ ಥಲಾಮಸ್ಸಿನವರೆಗೆ ಪಯಣ. ಇದೇ ಸ್ಪೈನೋಥಲಾಮಿಕ್ ದಾರಿ.

ಎರಡೂ ದಾರಿ ಕೊನೆಗೆ ಎದುರು ಪಕ್ಕದ ಮಿದುಳಿಗೇ ಹೋಗಿ ಸೇರುತ್ತವೆ. ವ್ಯತ್ಯಾಸ ಇರುವುದು ದಾಟುವ ಜಾಗದಲ್ಲಿ ಮಾತ್ರ. ಹೊಳೆಯ ಉದ್ದಕ್ಕೂ ಎಡದಂಡೆಗೊಂದು, ಬಲದಂಡೆಗೊಂದು ರಸ್ತೆ ಇವೆ ಎಂದುಕೊಳ್ಳಿ. ಒಂದು ಬಸ್ಸು ಊರು ಬಿಟ್ಟ ಕೂಡಲೇ ಸೇತುವೆ ದಾಟಿ ಎದುರುದಂಡೆ ಹಿಡಿಯುತ್ತದೆ. ಇನ್ನೊಂದು ತನ್ನ ದಂಡೆಯಲ್ಲೇ ಸಾಗಿ ಪಟ್ಟಣದ ಬಾಗಿಲಲ್ಲಿ ದಾಟುತ್ತದೆ. ನಡುದಾರಿಯಲ್ಲಿ ಎಡದಂಡೆಯ ರಸ್ತೆ ಕೊಚ್ಚಿಹೋದರೆ ನಿಂತುಹೋಗುವ ಬಸ್ಸುಗಳು ಎರಡು ಬಗೆಯವು: ಎಡದ ಊರುಗಳಿಂದ ಹೊರಟು ಇನ್ನೂ ದಾಟದಿರುವವು, ಬಲದ ಊರುಗಳಿಂದ ಹೊರಟು ಆಗಲೇ ದಾಟಿ ಬಂದಿರುವವು. ಬೆನ್ನುಹುರಿಯ ಎಡ ಅರ್ಧ ಕತ್ತರಿಸಿದಾಗ ಎಡಗಾಲಿನ ಭಂಗಿಯ ಅರಿವೂ ಬಲಗಾಲಿನ ನೋವೂ ಒಟ್ಟಿಗೆ ನಿಲ್ಲುವುದು ಹೀಗೆ.

ಕಾಲನ್ನು ಅಲ್ಲಾಡಿಸುವ ಆಜ್ಞೆ ಇಳಿಯುವ ದಾರಿಯೂ ಮೆಡುಲ್ಲಾದಲ್ಲೇ ಪಕ್ಕ ಬದಲಿಸಿಕೊಂಡು ಬಂದಿರುತ್ತದೆ. ಹಾಗಾಗಿ ಸ್ವಾಧೀನ ತಪ್ಪುವುದು ಗಾಯದ ಪಕ್ಕದ ಕಾಲೇ. ಮೊದಲ ದಿನಗಳಲ್ಲಿ ಅದು ಜೋತುಬಿದ್ದಿರುತ್ತದೆ. ಕೆಲವು ದಿನ, ವಾರಗಳಲ್ಲಿ ಬಿಗಿಯಾಗುತ್ತಾ ಬರುತ್ತದೆ.

ಈಗ ಒಂದು ಗಾಯವನ್ನು ತೆಗೆದುಕೊಂಡು ಲೆಕ್ಕ ಮಾಡೋಣ. ಎದೆಯ 6ನೇ ಖಂಡದಲ್ಲಿ ಬೆನ್ನುಹುರಿಯ ಎಡ ಅರ್ಧ ಪೂರ್ತಿ ಕತ್ತರಿಸಿದೆ ಎಂದಿಟ್ಟುಕೊಳ್ಳಿ.

ಎಡಗಾಲಿನಲ್ಲಿ ಶಕ್ತಿ ಇಲ್ಲ. ಎಡಗಾಲಿನಿಂದ ಹಿಡಿದು ಎದೆಮೂಳೆಯ ಕೆಳತುದಿಯವರೆಗೆ ಎಡಪಕ್ಕದಲ್ಲಿ ಕಂಪನ ತಿಳಿಯುವುದಿಲ್ಲ, ಎಡಗಾಲಿನ ಕೀಲುಗಳ ಭಂಗಿ ತಿಳಿಯುವುದಿಲ್ಲ. ನೋವು, ಬಿಸಿ, ತಂಪು ಎಡಗಾಲಿನಲ್ಲಿ ಉಳಿದಿವೆ, ಏಕೆಂದರೆ ಆ ಸುದ್ದಿ ಕೆಳಗೇ ದಾಟಿ ಬಲ ಅರ್ಧದಲ್ಲಿ ಸುರಕ್ಷಿತವಾಗಿ ಮೇಲೇರುತ್ತಿದೆ. ಬಲಪಕ್ಕದಲ್ಲಿ ಶಕ್ತಿ, ಕಂಪನ, ಭಂಗಿ ಎಲ್ಲವೂ ಸರಿ. ಇಲ್ಲದ್ದು ನೋವು ಮತ್ತು ಬಿಸಿ-ತಂಪು ಮಾತ್ರ.

ಬಲಗಡೆ ಈ ನೋವಿಲ್ಲದ ಪ್ರದೇಶ ಎಲ್ಲಿಂದ ಶುರುವಾಗುತ್ತದೆ? ಎದೆಯ 6ನೇ ಖಂಡದಿಂದ ಎಂದು ಹೇಳಿಬಿಡುವುದು ಸುಲಭ. ಅದು ತಪ್ಪು. ಬಲಗಡೆಯಿಂದ 6ನೇ ಖಂಡಕ್ಕೆ ಹೊಕ್ಕ ನೋವಿನ ಸುದ್ದಿ ಓರೆಯಾಗಿ ಏರುತ್ತಾ ಎಡಕ್ಕೆ ತಲುಪುವಷ್ಟರಲ್ಲಿ 5ನೇ ಅಥವಾ 4ನೇ ಖಂಡಕ್ಕೆ ಬಂದಿರುತ್ತದೆ. ಅಂದರೆ ಕತ್ತರಿಸಿದ ಜಾಗವನ್ನು ದಾಟಿ ಮೇಲೆ ಹೋಗಿಬಿಟ್ಟಿರುತ್ತದೆ. 7ನೇ ಖಂಡದ್ದೂ ಬಹುಪಾಲು ತಪ್ಪಿಸಿಕೊಳ್ಳಬಹುದು. 8ನೇ ಖಂಡದಿಂದ ಬಂದದ್ದು ಎಡಕ್ಕೆ ದಾಟುವ ಹೊತ್ತಿಗೆ ಇನ್ನೂ ಗಾಯದ ಕೆಳಗೋ ಗಾಯದಲ್ಲೋ ಇರುತ್ತದೆ, ಸಿಕ್ಕಿಬೀಳುತ್ತದೆ. ಆದ್ದರಿಂದ ಬಲಗಡೆ ಸೂಜಿ ಮೊಂಡಾಗುವುದು ಸುಮಾರು 8ನೇ ಖಂಡದ ಪಟ್ಟಿಯಿಂದ, ಎಂದರೆ ಎದೆಮೂಳೆಯ ತುದಿಗೂ ಹೊಕ್ಕುಳಿಗೂ ನಡುಮಧ್ಯದಿಂದ ಕೆಳಕ್ಕೆ. ನೋವಿನ ಗೆರೆ ಯಾವಾಗಲೂ ಗಾಯಕ್ಕಿಂತ ಒಂದೆರಡು ಖಂಡ ಕೆಳಗೆ ಎಂಬುದನ್ನು ಮರೆತರೆ ಮುಂದಿನ ಲೆಕ್ಕವೆಲ್ಲ ಜಾರುತ್ತದೆ.

ಎಡಗಡೆ, ಗಾಯದ ಮಟ್ಟದಲ್ಲೇ, ಇನ್ನೊಂದು ಚಿಕ್ಕ ಗುರುತು ಇರುತ್ತದೆ. 6ನೇ ಖಂಡದ ಎಡಭಾಗವೇ ನಾಶವಾಗಿರುವುದರಿಂದ ಅಲ್ಲಿಗೆ ಬಂದ ಎಲ್ಲ ತಂತುಗಳೂ ಹೊಸ್ತಿಲಲ್ಲೇ ಮುಗಿದಿವೆ. ದಾಟುವ ಅವಕಾಶವೇ ಅವಕ್ಕೆ ಸಿಕ್ಕಿಲ್ಲ. ಹಾಗಾಗಿ ಎದೆಮೂಳೆಯ ತುದಿಯ ಮಟ್ಟದಲ್ಲಿ, ಎಡಗಡೆ ಮಾತ್ರ, ಕೆಲವು ಬೆರಳಗಲದ ಪಟ್ಟಿಯೊಂದರಲ್ಲಿ ಸ್ಪರ್ಶ, ನೋವು, ಬಿಸಿ ಯಾವುದೂ ಇರುವುದಿಲ್ಲ. ಅದರ ಮೇಲಂಚಿನಲ್ಲಿ ಬಟ್ಟೆ ತಾಗಿದರೂ ಉರಿಯುವಷ್ಟು ಸೂಕ್ಷ್ಮವಾದ ಇನ್ನೊಂದು ಪಟ್ಟಿ ಇರಬಹುದು. ನನ್ನ ಮಟ್ಟಿಗೆ ಇಡೀ ಪರೀಕ್ಷೆಯಲ್ಲಿ ಅತ್ಯಂತ ಬೆಲೆಯುಳ್ಳದ್ದು ಈ ಸಣ್ಣ ಪಟ್ಟಿ. ಮಿಕ್ಕ ಲಕ್ಷಣಗಳು ಗಾಯ ಇದಕ್ಕಿಂತ ಮೇಲೆಲ್ಲೋ ಇದೆ ಎಂದಷ್ಟೇ ಹೇಳುತ್ತವೆ. ಗಾಯ ಇಲ್ಲಿಯೇ ಎಂದು ಬೆರಳಿಟ್ಟು ತೋರಿಸುವುದು ಇದೊಂದೇ. ಅಗಲ ಕಡಿಮೆಯಾದ್ದರಿಂದ ಅವಸರದಲ್ಲಿ ನೋಡಿದರೆ ಕೈತಪ್ಪಿಹೋಗುತ್ತದೆ.

ಹತ್ತಿಯ ಎಳೆಯಿಂದ ಮೆಲ್ಲಗೆ ಸವರಿದರೆ? ಎರಡೂ ಕಾಲುಗಳಲ್ಲಿ ಬಹುಮಟ್ಟಿಗೆ ತಿಳಿಯುತ್ತದೆ. ಸಾದಾ ಸ್ಪರ್ಶದ ಸುದ್ದಿ ಎರಡೂ ದಾರಿಗಳಲ್ಲಿ ಹೋಗುತ್ತದೆ. ಒಂದು ಮುಚ್ಚಿದರೆ ಇನ್ನೊಂದು ತಕ್ಕಮಟ್ಟಿಗೆ ಕೆಲಸ ಮಾಡುತ್ತದೆ. ಅದಕ್ಕೇ ಬರೀ ಕೈಯಿಂದ ಮುಟ್ಟಿ, ಗೊತ್ತಾಗುತ್ತಾ, ಗೊತ್ತಾಗುತ್ತೆ ಡಾಕ್ಟ್ರೇ ಎಂದು ಮುಗಿಸುವ ಪರೀಕ್ಷೆಯಿಂದ ಈ ರೋಗ ಸಿಕ್ಕುವುದಿಲ್ಲ. ಎರಡು ದಾರಿಗಳನ್ನು ಬೇರೆ ಬೇರೆಯಾಗಿಯೇ ಕೇಳಬೇಕು.

ಕೇಳುವ ಕ್ರಮದಲ್ಲೂ ಜಾಗ್ರತೆ ಬೇಕು. ನೋವಿಗೆ ಹೊಸ ಪಿನ್ನು. ಚೂಪು ತುದಿಯನ್ನೂ ಮೊಂಡು ತುದಿಯನ್ನೂ ಮನಸ್ಸಿಗೆ ಬಂದಂತೆ ಬದಲಿಸುತ್ತಾ, ಕಣ್ಣು ಮುಚ್ಚಿಸಿ, ಚುಚ್ಚಿತೋ ಒತ್ತಿತೋ ಎಂದು ಕೇಳಬೇಕು. ಮುಟ್ಟಿತೇ ಎಂದು ಕೇಳಿದರೆ ರೋಗಿ ಹೌದು ಎನ್ನುತ್ತಾನೆ, ಏಕೆಂದರೆ ಮುಟ್ಟಿದ್ದು ಅವನಿಗೆ ನಿಜಕ್ಕೂ ತಿಳಿಯುತ್ತಿರುತ್ತದೆ. ಪಾದದಿಂದ ಶುರುಮಾಡಿ ಮೇಲಕ್ಕೆ ಬರಬೇಕು. ಇಲ್ಲದಿರುವ ಕಡೆಯಿಂದ ಇರುವ ಕಡೆಗೆ ಬಂದಾಗ, ಈಗ ಚುಚ್ಚಿತು ಎಂದು ಗಡಿಯನ್ನು ರೋಗಿಯೇ ಸ್ಪಷ್ಟವಾಗಿ ಹೇಳುತ್ತಾನೆ. ಗಡಿ ಸಿಕ್ಕ ಕೂಡಲೇ ಪೆನ್ನಿನಿಂದ ಚರ್ಮದ ಮೇಲೇ ಗೆರೆ ಎಳೆದಿಟ್ಟರೆ ನಾಳೆ ಅದು ಏರಿತೋ ಇಳಿಯಿತೋ ತಿಳಿಯುತ್ತದೆ. ಬೆನ್ನಿನ ಕಡೆಯಿಂದಲೂ, ಗುದದ ಸುತ್ತಲೂ ನೋಡದೆ ಬಿಡಬಾರದು. ಸಂಕೋಚದಿಂದ ಬಿಟ್ಟುಹೋಗುವುದು ಆ ಕೊನೆಯ ಭಾಗವೇ.

ಕಂಪನಕ್ಕೆ ಸೆಕೆಂಡಿಗೆ 128 ಬಾರಿ ಅದುರುವ ಟ್ಯೂನಿಂಗ್ ಫೋರ್ಕ್. ಅದರ ಬುಡವನ್ನು ಮೂಳೆಯ ಮೇಲೆಯೇ ಊರಬೇಕು: ಹೆಬ್ಬೆರಳ ಬುಡ, ಹರಡು, ಮೊಣಕಾಲಿನ ಕೆಳಗೆ, ಸೊಂಟದ ಮೂಳೆ, ಪಕ್ಕೆಲುಬು. ಅದೇ ಫೋರ್ಕಿನ ಲೋಹದ ಬದಿಯನ್ನು ಚರ್ಮಕ್ಕೆ ತಾಗಿಸಿದರೆ ತಂಪಿನ ಪರೀಕ್ಷೆಯೂ ಆಗುತ್ತದೆ. ಭಂಗಿಗೆ ಹೆಬ್ಬೆರಳನ್ನು ಎರಡು ಪಕ್ಕಗಳಿಂದ ಹಿಡಿಯಬೇಕು. ಮೇಲೆ-ಕೆಳಗೆ ಹಿಡಿದರೆ ಎತ್ತುವಾಗ ಕೆಳಗಿನ ಒತ್ತಡ, ಇಳಿಸುವಾಗ ಮೇಲಿನ ಒತ್ತಡ ರೋಗಿಗೆ ಉತ್ತರವನ್ನು ಹೇಳಿಕೊಟ್ಟುಬಿಡುತ್ತದೆ. ಕೆಲವೇ ಮಿಲಿಮೀಟರ್ ಅಲುಗಿಸಿದರೆ ಸಾಕು. ಆರೋಗ್ಯವಂತರು ಅಷ್ಟನ್ನೂ ಸರಿಯಾಗಿ ಹೇಳುತ್ತಾರೆ.

ಇಷ್ಟಾದ ಮೇಲೆ ಹಿಮ್ಮುಖ ಲೆಕ್ಕ. ಎಡಗಾಲಿಗೆ ಶಕ್ತಿಯಿಲ್ಲ, ಎಡಗಾಲಿಗೆ ಕಂಪನವಿಲ್ಲ: ಗಾಯ ಎಡಕ್ಕೆ. ಬಲಗಡೆ ನೋವಿನ ಗಡಿ 8ನೇ ಖಂಡದ ಪಟ್ಟಿಯಲ್ಲಿ: ಗಾಯ ಅದಕ್ಕಿಂತ ಒಂದೆರಡು ಖಂಡ ಮೇಲೆ, 6 ಅಥವಾ 7. ಎಡಗಡೆ ಎದೆಮೂಳೆಯ ತುದಿಯಲ್ಲಿ ಏನೂ ತಿಳಿಯದ ಪಟ್ಟಿ: ಹಾಗಾದರೆ 6. ಆದರೆ ಇದು ಬೆನ್ನುಹುರಿಯ ಖಂಡದ ಲೆಕ್ಕ, ಮೂಳೆಯ ಲೆಕ್ಕವಲ್ಲ. ಬೆನ್ನುಹುರಿ ಬೆನ್ನುಮೂಳೆಗಿಂತ ಗಿಡ್ಡವಾದ್ದರಿಂದ ಕೆಳಗೆ ಹೋದಷ್ಟೂ ಖಂಡಕ್ಕೂ ಅದೇ ಸಂಖ್ಯೆಯ ಮೂಳೆಗೂ ಅಂತರ ಹೆಚ್ಚುತ್ತದೆ. ಎದೆಯ ಮೇಲ್ಭಾಗದಲ್ಲಿ ಆ ಅಂತರ ಸುಮಾರು ಎರಡು. 6ನೇ ಖಂಡ ಇರುವುದು ಎದೆಯ 4ನೇ ಮೂಳೆಯ ಆಸುಪಾಸಿನಲ್ಲಿ, ಎಂದರೆ ಎರಡು ಹೆಗಲಮೂಳೆಗಳ ನಡುವೆ. ಹೊಟ್ಟೆಯ ಮೇಲೆ ಸಿಕ್ಕ ಗೆರೆಯೊಂದು ನಮ್ಮನ್ನು ಹೆಗಲುಗಳ ನಡುವಿಗೆ ಕರೆದುಕೊಂಡು ಬಂತು. ಎಂ.ಆರ್.ಐ. ಎಲ್ಲಿ ತೆಗೆಯಬೇಕು ಎಂಬುದು ಈಗ ಗೊತ್ತಾಯಿತು.

ಚಾಕುವಿನ ಗಾಯವಾದರೆ ಜಾಗ ಹೊರಗಿನಿಂದಲೇ ಕಾಣುತ್ತದೆ, ಇಷ್ಟೆಲ್ಲ ಲೆಕ್ಕ ಏಕೆ ಎನ್ನಬಹುದು. ಈ ತರ್ಕ ನಿಜವಾಗಿ ಬೇಕಾಗುವುದು ಗಾಯವೇ ಇಲ್ಲದ ರೋಗಿಯಲ್ಲಿ. ಬೆನ್ನುಹುರಿಯ ಹೊದಿಕೆಯಲ್ಲಿ ನಿಧಾನವಾಗಿ ಬೆಳೆದು ಅದನ್ನು ಒಂದು ಪಕ್ಕದಿಂದ ಒತ್ತುವ ಮೆನಿಂಜಿಯೋಮ ಎಂಬ ಗೆಡ್ಡೆ ಇದೆ. ಹೆಚ್ಚಾಗಿ ಕಾಣುವುದು ನಡುವಯಸ್ಸು ದಾಟಿದ ಹೆಂಗಸರಲ್ಲಿ, ಅದೂ ಎದೆಮಟ್ಟದಲ್ಲಿ. ಬಹುಪಾಲು ಕ್ಯಾನ್ಸರ್ ಅಲ್ಲ, ಪೂರ್ತಿ ತೆಗೆದರೆ ನಡಿಗೆ ಮರಳುವ ಸಾಧ್ಯತೆ ಚೆನ್ನಾಗಿದೆ. ಆದರೆ ಹುಡುಕಿದ ಜಾಗ ತಪ್ಪಿದರೆ ಸಿಕ್ಕುವುದಿಲ್ಲ.

ಅಂಥ ಒಬ್ಬ ಹೆಂಗಸು ಎಡಗಾಲು ಎಳೆಯುತ್ತದೆ, ಚಪ್ಪಲಿ ಕಳಚಿಹೋದರೆ ಗೊತ್ತಾಗುವುದಿಲ್ಲ ಎಂದು ಬರುತ್ತಾರೆ ಎಂದುಕೊಳ್ಳಿ. ಬಲಗಾಲಿಗೆ ತಣ್ಣೀರು ತಣ್ಣಗೆ ಅನಿಸುವುದಿಲ್ಲ ಎಂಬುದನ್ನು ಅವರು ಕೇಳದೆ ಹೇಳುವುದಿಲ್ಲ. ಅದು ಇನ್ನೊಂದು ಕಾಲು, ಬೇರೆ ತೊಂದರೆ ಎಂದು ಅವರ ಎಣಿಕೆ. ಕಾಲಿನ ತೊಂದರೆ ಎಂದರೆ ಸೊಂಟದ ಡಿಸ್ಕ್ ಇರಬೇಕು ಎಂದು ಸೊಂಟದ ಎಂ.ಆರ್.ಐ. ಆಗುತ್ತದೆ. ಆ ವಯಸ್ಸಿನಲ್ಲಿ ಒಂದಲ್ಲ ಒಂದು ಡಿಸ್ಕ್ ಉಬ್ಬಿರುವುದು ತೀರಾ ಸಾಮಾನ್ಯ. ಕಾರಣ ಸಿಕ್ಕಿತು ಎಂದು ಎಲ್ಲರೂ ನಿಲ್ಲುತ್ತಾರೆ. ಆದರೆ ಬೆನ್ನುಹುರಿ ಸೊಂಟದ ಎರಡನೆಯ ಮೂಳೆಯ ಹೊತ್ತಿಗೇ ಮುಗಿದಿದೆ. ಸೊಂಟದ ಡಿಸ್ಕ್ ನರಗಳನ್ನು ಒತ್ತಬಹುದು, ಬೆನ್ನುಹುರಿಯನ್ನು ಒತ್ತಲಾರದು. ಒಂದು ಕಾಲಿನ ಕಂಪನವನ್ನೂ ಇನ್ನೊಂದು ಕಾಲಿನ ನೋವನ್ನೂ ಒಟ್ಟಿಗೆ ಕಳೆಯುವುದು ಅದರಿಂದ ಆಗುವ ಕೆಲಸವಲ್ಲ. ಮೊಣಕಾಲಿನ ಕೆಳಗೆ ತಟ್ಟಿದಾಗ ಕಾಲು ಜೋರಾಗಿ ಚಿಮ್ಮಿದರೆ, ಅಂಗಾಲನ್ನು ಗೀರಿದಾಗ ಹೆಬ್ಬೆರಳು ಮೇಲಕ್ಕೆ ಎದ್ದರೆ, ತೊಂದರೆ ಸೊಂಟಕ್ಕಿಂತ ಮೇಲೆ ಬೆನ್ನುಹುರಿಯಲ್ಲೋ ಮಿದುಳಿನಲ್ಲೋ ಇದೆ ಎಂದು ಅರ್ಥ.

ಇಲ್ಲಿ ಸೂಜಿಯ ಗೆರೆಯೂ ದಾರಿ ತಪ್ಪಿಸಬಹುದು. ಸ್ಪೈನೋಥಲಾಮಿಕ್ ದಾರಿಯಲ್ಲಿ ತಂತುಗಳು ಪದರಪದರವಾಗಿ ಜೋಡಿಸಿಕೊಂಡಿವೆ. ಕೆಳಗಿನಿಂದ, ತ್ರಿಕದಿಂದ ಬಂದವು ಎಲ್ಲಕ್ಕಿಂತ ಹೊರಗೆ. ಆಮೇಲೆ ಕಾಲು, ಹೊಟ್ಟೆ, ಎದೆ. ಕೊನೆಗೆ ಸೇರಿಕೊಂಡ ಕೈಯವು ಎಲ್ಲಕ್ಕಿಂತ ಒಳಗೆ. ಹೊರಗಿನಿಂದ ಒತ್ತುವ ಗೆಡ್ಡೆ ಮೊದಲು ಹೊರಗಿನ ಪದರವನ್ನು ಕೆಡಿಸುತ್ತದೆ. ಹಾಗಾಗಿ ಗೆಡ್ಡೆ ಎದೆಯ 6ನೇ ಖಂಡದಲ್ಲಿದ್ದರೂ ಮೊದಮೊದಲು ನೋವು ಹೋಗುವುದು ಪಾದದಲ್ಲಿ. ವಾರ, ತಿಂಗಳು ಕಳೆದಂತೆ ಗೆರೆ ಮೊಣಕಾಲು, ತೊಡೆ, ಹೊಟ್ಟೆ ಎಂದು ಏರುತ್ತಾ ಬರುತ್ತದೆ. ತೊಡೆಸಂದಿಯಲ್ಲಿ ಗೆರೆ ಸಿಕ್ಕಿತೆಂದು ಅದಕ್ಕಿಂತ ಎರಡು ಖಂಡ ಮೇಲಷ್ಟೇ ಹುಡುಕಿದರೆ ಗೆಡ್ಡೆ ಇನ್ನೂ ಮೇಲೆ ಉಳಿದುಹೋಗುತ್ತದೆ. ಅನುಭವಿ ವೈದ್ಯರು ಸೂಜಿಯ ಗೆರೆಯನ್ನು ಕೆಳಗಿನ ಮಿತಿ ಎಂದಷ್ಟೇ ಹಿಡಿಯುತ್ತಾರೆ: ಕೇಡು ಇದಕ್ಕಿಂತ ಕೆಳಗಿಲ್ಲ, ಎಷ್ಟು ಮೇಲಾದರೂ ಇರಬಹುದು. ಬೆನ್ನುಹುರಿಯ ಒಳಗಿನಿಂದಲೇ ಬೆಳೆಯುವ ಗೆಡ್ಡೆಯಾದರೆ ಕ್ರಮ ತಿರುವುಮುರುವು. ಒಳಪದರಗಳು ಮೊದಲು ಹೋಗಿ, ಕುಳಿತುಕೊಳ್ಳುವ ಭಾಗದ ಚರ್ಮದಲ್ಲಿ ನೋವಿನ ಅರಿವು ಕೊನೆಯವರೆಗೂ ಉಳಿಯಬಹುದು. ಗುದದ ಸುತ್ತ ನೋಡದೆ ಬಿಡಬಾರದು ಎಂದದ್ದಕ್ಕೆ ಇದೂ ಒಂದು ಕಾರಣ.

ಈ ದಾರಿಗಳ ನಕ್ಷೆ ಸರಿ ಎಂಬುದಕ್ಕೆ ಒಂದು ಸಾಕ್ಷಿ ಶಸ್ತ್ರಚಿಕಿತ್ಸೆಯಲ್ಲೇ ಇದೆ. 1905ರಲ್ಲಿ ಫಿಲಡೆಲ್ಫಿಯಾದ ವಿಲಿಯಂ ಸ್ಪಿಲ್ಲರ್ ಒಬ್ಬ ರೋಗಿಯ ವಿವರ ಪ್ರಕಟಿಸಿದರು. ನೋವು ಮತ್ತು ಬಿಸಿ-ತಂಪು ಮಾತ್ರ ಹೋಗಿದ್ದ ಆತನ ಬೆನ್ನುಹುರಿಯಲ್ಲಿ ಮುಂದಿನ-ಹೊರಗಿನ ಮೂಲೆಯನ್ನು ಕ್ಷಯದ ಗಂಟು ಕೆಡಿಸಿತ್ತು. ಹಾಗಾದರೆ ತಡೆಯಲಾಗದ ನೋವಿನವರಲ್ಲಿ ಆ ಮೂಲೆಯನ್ನು ಬೇಕೆಂದೇ ಕತ್ತರಿಸಬಹುದಲ್ಲ ಎಂದು ಸ್ಪಿಲ್ಲರ್‌ಗೆ ಹೊಳೆಯಿತು. 1911ರಲ್ಲಿ ಎಡ್ವರ್ಡ್ ಮಾರ್ಟಿನ್ ಹಾಗೆ ಮಾಡಿದರು. ಕಾರ್ಡೋಟಮಿ ಎಂಬ ಆ ಚಿಕಿತ್ಸೆ ಈಗ ಅಪರೂಪವಾಗಿದೆ, ಆದರೆ ನಿಂತಿಲ್ಲ. ಮೈಯ ಒಂದೇ ಪಕ್ಕದಲ್ಲಿ, ಔಷಧಿಗೆ ಬಗ್ಗದ ಕ್ಯಾನ್ಸರ್ ನೋವಿದ್ದಾಗ ಕತ್ತಿನ 1 ಮತ್ತು 2ನೇ ಮೂಳೆಗಳ ನಡುವೆ ಸೂಜಿ ತೂರಿಸಿ, ರೋಗಿಯನ್ನು ಎಚ್ಚರವಾಗಿಟ್ಟುಕೊಂಡೇ, ಆ ತಂತುಗಳನ್ನು ಕಾಯಿಸಿ ಸುಡುತ್ತಾರೆ. ನೋವು ಬಲಗಡೆ ಇದ್ದರೆ ಸೂಜಿ ಎಡಗಡೆ. ಅಷ್ಟು ಮೇಲೆ ಮಾಡಿದರೂ ನೋವು ಹೋಗುವುದು ಕತ್ತಿನ 4 ಅಥವಾ 5ನೇ ಖಂಡದಿಂದ ಕೆಳಕ್ಕೆ ಮಾತ್ರ. ಓರೆಯಾಗಿ ಏರುತ್ತಾ ದಾಟುವ ಆ ತಂತುಗಳ ಲೆಕ್ಕವೇ ಇಲ್ಲೂ. ತಿಂಗಳುಗಳು ಕಳೆದಂತೆ ಹಲವರಲ್ಲಿ ನೋವು ಸ್ವಲ್ಪಸ್ವಲ್ಪವಾಗಿ ಮರಳುತ್ತದೆ. ನೋವು ಮಿದುಳನ್ನು ಮುಟ್ಟಲು ಬೇರೆ ಚಿಕ್ಕ ದಾರಿಗಳೂ ಇರುವುದರಿಂದ ನಾನಿಲ್ಲಿ ಹೇಳಿದ ಎರಡೇ ದಾರಿಗಳ ನಕ್ಷೆ ಪೂರ್ತಿಯಲ್ಲ, ಮುಖ್ಯವಾದದ್ದು ಮಾತ್ರ.

ಪುಸ್ತಕದಲ್ಲಿರುವಂತೆ ಗೆರೆ ಕೊರೆದ ಹಾಗೆ ಅರ್ಧ ಕತ್ತರಿಸಿದ ರೋಗಿಗಳೂ ಕಡಿಮೆ. ಅಪಘಾತಗಳಿಂದ ಬೆನ್ನುಹುರಿಗೆ ಪೆಟ್ಟಾದವರಲ್ಲಿ ಬ್ರೌನ್-ಸೆಕಾರ್ ಚಿತ್ರ ಕಾಣುವುದು ನೂರಕ್ಕೆ 2ರಿಂದ 4 ಜನರಲ್ಲಿ ಎನ್ನುತ್ತಾರೆ. ಅವರಲ್ಲೂ ಹೆಚ್ಚಿನವರಲ್ಲಿ ಚಿತ್ರ ಅರೆಬರೆ. ಗಾಯ ನಡುಗೆರೆಯನ್ನು ಸ್ವಲ್ಪ ದಾಟಿರುತ್ತದೆ, ಇಲ್ಲವೇ ಹಿಂಬದಿಯ ಕಂಬವನ್ನು ಬಿಟ್ಟು ಮುಂದಿನದನ್ನಷ್ಟೇ ಕೆಡಿಸಿರುತ್ತದೆ. ಮೊದಲ ದಿನ ಊತದಿಂದಾಗಿ ಎರಡೂ ಕಾಲು ಮಂಕಾಗಿದ್ದು, ದಿನ ಕಳೆದಂತೆ ಒಂದು ಪಕ್ಕ ಚೇತರಿಸಿಕೊಂಡು ಚಿತ್ರ ಬಿಡಿಸಿಕೊಳ್ಳುವುದೂ ಉಂಟು. ಅದಕ್ಕೇ ಪರೀಕ್ಷೆ ಒಂದೇ ಸಲಕ್ಕೆ ಮುಗಿಯುವುದಿಲ್ಲ.

ಚೇತರಿಕೆಯ ವಿಷಯದಲ್ಲಿ ಇವರು ಬೆನ್ನುಹುರಿಯ ಗಾಯಾಳುಗಳಲ್ಲೇ ಅದೃಷ್ಟವಂತರು. ಉಳಿದ ಅರ್ಧದ ಆಸರೆಯಿಂದ ಬಹಳಷ್ಟು ಜನ ಮತ್ತೆ ನಡೆಯುತ್ತಾರೆ, ಮಲಮೂತ್ರದ ಹತೋಟಿಯೂ ಹೆಚ್ಚಿನವರಲ್ಲಿ ಮರಳುತ್ತದೆ. ಹಾಗೆ ನಡೆಯತೊಡಗಿದ ಮೇಲೆ ಮರೆತುಹೋಗುವುದು ಬಿಸಿ ತಿಳಿಯದ ಆ ಕಾಲು. ಶಕ್ತಿ ಮರಳಿದ ಮೇಲೂ ಈ ಕೊರತೆ ಅನೇಕರಲ್ಲಿ ಉಳಿದುಬಿಡುತ್ತದೆ. ಅಂಥವರು ಸ್ನಾನದ ನೀರಿನ ಬಿಸಿಯನ್ನು ಕೈಯಿಂದ ನೋಡಿಯೇ ಹುಯ್ದುಕೊಳ್ಳಬೇಕು. ಆ ಕಾಲಿಗೆ ಬಿಸಿನೀರಿನ ಚೀಲ ಬೇಡ, ಬರಿಗಾಲಿನ ನಡಿಗೆ ಬೇಡ. ದಿನಕ್ಕೊಮ್ಮೆ ಅಂಗಾಲನ್ನು ಕಣ್ಣಿಂದ ನೋಡಿಕೊಳ್ಳಬೇಕು.

ಮಿಕ್ಕವರಿಗೆ ನನ್ನದೊಂದು ಕೇಳಿಕೆ. ಮನೆಯಲ್ಲಿ ಯಾರಿಗಾದರೂ ಒಂದು ಕಾಲು ಸೋಲುತ್ತಿದ್ದರೆ, ಇನ್ನೊಂದು ಕಾಲಿಗೆ ಬಿಸಿ-ತಂಪು ಸರಿಯಾಗಿ ತಿಳಿಯುತ್ತದೆಯೇ ಎಂದು ಕೇಳಿ. ತಿಳಿಯದಿದ್ದರೆ ಎರಡನ್ನೂ ಒಟ್ಟಿಗೆ ವೈದ್ಯರಿಗೆ ಹೇಳಿ, ಸೊಂಟದ ಸ್ಕ್ಯಾನ್ ಒಂದರಿಂದಲೇ ಸಮಾಧಾನ ಪಡಬೇಡಿ. ದೌರ್ಬಲ್ಯ ದಿನದಿಂದ ದಿನಕ್ಕೆ ಏರುತ್ತಿದ್ದರೆ, ಮೂತ್ರ ಕಟ್ಟುತ್ತಿದ್ದರೆ ಇಲ್ಲವೇ ತಿಳಿಯದೆ ಹೋಗುತ್ತಿದ್ದರೆ, ನಾಳೆಗೆ ಕಾಯದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.